ಕೊರಳಲ್ಲಿರಲಿಲ್ಲ

ನನ್ನ ನಾಟಕದ ಮೊದಲ ರೀಡಿಂಗ್‌ನಲ್ಲಿ ನಾನು ಯಾವ ಪಾತ್ರವನ್ನೂ ಓದುವುದಿಲ್ಲ. ಪ್ರತಿ ಮತ್ತು ಪೆನ್ಸಿಲ್ ಹಿಡಿದು ಸುಮ್ನೆ ಕೂರುತ್ತೇನೆ. ನಟರು ತಡವರಿಸಿದರೆ ಆ ಪದದ ಕೆಳಗೆ ಗೆರೆ. ಬರೆದದ್ದು ಬಿಟ್ಟು ಬೇರೇನೋ ಅಂದರೆ ಗುಂಡು ಸುತ್ತು. ಮಧ್ಯೆ ಯಾರನ್ನೂ ನಿಲ್ಲಿಸುವುದಿಲ್ಲ. ಮೊದಲ ಸಲ ಹೊಸ ಮಾತು ಯಾರಿಗಾದರೂ ತೊಡರುತ್ತದೆ, ಹಾಗಾಗಿ ಒಂದೇ ಗೆರೆಯನ್ನು ನಾನು ನಂಬುವುದಿಲ್ಲ. ಎರಡನೇ ಓದಿನಲ್ಲಿ ಪಾತ್ರಗಳನ್ನು ಅದಲುಬದಲು ಮಾಡಿಸುತ್ತೇನೆ. ಬೇರೆಯವರ ನಾಲಿಗೆಯೂ ಅಲ್ಲೇ ಎಡವಿದರೆ ತಪ್ಪು ನನ್ನ ಸಾಲಿನದು.

ಕಳೆದ ನಾಟಕದಲ್ಲಿ ತಮ್ಮನೊಬ್ಬ ಅಕ್ಕನಿಗೆ ಹೇಳುವ ಮಾತು ಹೀಗಿತ್ತು: "ಸರ ಅವಳ ಕೊರಳಲ್ಲಿರಲಿಲ್ಲ." ಕಣ್ಣಿಗೆ ಏನೂ ತೊಂದರೆಯಿಲ್ಲ, ಒತ್ತಕ್ಷರವೂ ಜಾಸ್ತಿಯಿಲ್ಲ. ಆದರೆ ಕೊನೆಯ ಪದವನ್ನು ಬೇಗ ಹೇಳಿ ನೋಡಿ. ರ, ಳ, ಲ್ಲಿ, ರ, ಲಿ, ಲ್ಲ. ನಾಲಿಗೆ ಹಿಂದಕ್ಕೆ ಮಡಚಿ, ಮುಂದೆ ಬಂದು, ಮತ್ತೆ ಅದುರಬೇಕು. ಇಬ್ಬರೂ "ಕೊರಳ್ಳಿರಲಿಲ್ಲ" ಅಂದರು. ಅದಕ್ಕಿಂತ ಮುಖ್ಯವಾದದ್ದು, ಎರಡನೇ ನಟ "ಸರ" ಅನ್ನುವಾಗಲೇ ನಿಧಾನ ಮಾಡಿದ್ದ. ತೊಡಕು ಬರುತ್ತದೆ ಅಂತ ಗೊತ್ತಾದ ಬಾಯಿ ಮೊದಲೇ ಬ್ರೇಕ್ ಹಾಕುತ್ತದೆ. ನಾನು ಕಿವಿಗೊಡುವುದು ಅದಕ್ಕೇ.

"ಅವಳ ಕತ್ತು ಬರಿದಾಗಿತ್ತು" ಅಂತ ಬದಲಾಯಿಸಿದೆ. ನಾಲಿಗೆ ಹಗುರಾಯಿತು, ಆದರೆ ಕತ್ತು–ಆಗಿತ್ತು ಪ್ರಾಸ ಕೂಡಿಕೊಂಡಿತು. ತಿದ್ದಿದ ಸಾಲನ್ನೂ ಗಟ್ಟಿಯಾಗಿ ಓದಿಸಲೇಬೇಕು ಅನ್ನುವುದು ಇದಕ್ಕೇ. ಕೊನೆಗೆ ನಿಂತದ್ದು: "ಕತ್ತು ನೋಡಿದೆ ಕಣಕ್ಕ. ಸರ ಇಲ್ಲ." ಎರಡು ವಾಕ್ಯಗಳ ನಡುವೆ ನಟನಿಗೆ ಉಸಿರೂ ಸಿಕ್ಕಿತು.

ಬೇಡದ ಪ್ರಾಸ ಕನ್ನಡದಲ್ಲಿ ತಾನಾಗೇ ಹುಟ್ಟುತ್ತದೆ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯವೂ ಒಂದೇ ಇರುತ್ತದೆ, ಅಲ್ವಾ? ಅಕ್ಕನ ದುಃಖದ ಮಾತು, "ರಾತ್ರಿಯೆಲ್ಲ ಕಾದೆ, ಬಾಗಿಲು ತೆಗೆದೆ, ಅಲ್ಲೇ ಕುಸಿದೆ," ಮಕ್ಕಳ ಪದ್ಯದ ಹಾಗೆ ಕುಣಿಯಿತು. ಪದ ಒಂದನ್ನೂ ಕಳೆಯಲಿಲ್ಲ. ಒಂದು ಕ್ರಿಯಾಪದವನ್ನು ಮುಂದೆ ತಂದೆ, ಇನ್ನೊಂದರ ರೂಪ ಬದಲಿಸಿದೆ: "ಕಾದೆ ರಾತ್ರಿಯೆಲ್ಲ. ಬಾಗಿಲು ತೆಗೆದವಳು ಅಲ್ಲೇ ಕುಸಿದೆ." ಮಾತನಾಡುವಾಗ ನಾವು ಹೀಗೆ ಹಿಂದುಮುಂದು ಮಾಡುತ್ತಲೇ ಇರುತ್ತೇವೆ, ಹಾಗಾಗಿ ಕೃತಕ ಅನಿಸಲಿಲ್ಲ.

ಇಬ್ಬರ ಮಾತಿನ ನಡುವಿನ ಪ್ರಾಸವಂತೂ ಹಾಳೆಯಲ್ಲಿ ಕಾಣುವುದೇ ಇಲ್ಲ, ಮಧ್ಯೆ ಪಾತ್ರದ ಹೆಸರು ಇರುತ್ತದಲ್ಲ. "ಯಾಕೆ ಬಂದೆ?" "ದುಡ್ಡು ತಂದೆ." ಮೇಜಿನ ಸುತ್ತ ಎಲ್ಲರೂ ನಕ್ಕರು. ಅದು ಜಗಳದ ದೃಶ್ಯ. ಉತ್ತರವನ್ನು "ತಗೋ, ದುಡ್ಡು" ಎಂದು ಮಾಡಿದೆ.

ಗೆರೆ ಬಿದ್ದದ್ದನ್ನೆಲ್ಲ ತಿದ್ದಲಿಲ್ಲ. ಕುಡಿದು ಬಂದ ಮಾವ "ನನ್ನ ದೃಷ್ಟಿ ಸ್ಪಷ್ಟ, ಅವನೇ ಭ್ರಷ್ಟ" ಅನ್ನುತ್ತಾನೆ. ಎಲ್ಲರೂ ಎಡವಿದರು. ಆ ಷ್ಟಗಳ ಗುಡ್ಡೆಯಲ್ಲಿ ಅವನೂ ಎಡವಬೇಕು. ಪ್ರತಿಯ ಅಂಚಿನಲ್ಲಿ "ಇರಲಿ" ಎಂದು ಬರೆದೆ.