ಸೆನ್ಸೆಕ್ಸ್ ಬಿದ್ದ ವಾರ: ಮಾರುವ ಮುನ್ನ ಮಾಡಬೇಕಾದ ಲೆಕ್ಕ

ಸೋಮವಾರ, 2024ರ ಆಗಸ್ಟ್ 5ರಂದು ಸೆನ್ಸೆಕ್ಸ್ 2,222 ಅಂಶ ಕುಸಿಯಿತು. ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ನನ್ನ ಗ್ರಾಹಕರು ಆ ವಾರ ಕೇಳಿದ್ದು ಒಂದೇ ಪ್ರಶ್ನೆ: ಮಾರಿಬಿಡಬೇಕೇ?

ಮೊದಲು ಅಂಶವನ್ನು ಶೇಕಡಾವಾರಿಗೆ ಇಳಿಸಿ. ಸುಮಾರು 81,000 ಇದ್ದ ಸೂಚ್ಯಂಕಕ್ಕೆ ಇದು ಶೇ 2.74ರ ಇಳಿಕೆ. ಟಿ.ವಿ. ಪರದೆಯ ಕೆಂಪು ಬಣ್ಣ ಈ ಭಾಗಾಕಾರ ಮಾಡಿ ತೋರಿಸುವುದಿಲ್ಲ.

ನಂತರ ಕಾರಣ ಹುಡುಕಿ. ಅಮೆರಿಕದ ನಿರುದ್ಯೋಗ ಪ್ರಮಾಣ ಶೇ 4.3ಕ್ಕೆ ಏರಿದ ಸುದ್ದಿ ಆತಂಕ ಹುಟ್ಟಿಸಿತ್ತು, ನಿಜ. ಆದರೆ ದೊಡ್ಡ ಪೆಟ್ಟು ಬಂದದ್ದು ಜಪಾನಿನ ಕಡೆಯಿಂದ. ಅಲ್ಲಿ ಬಡ್ಡಿ ಬಹುಕಾಲ ಸೊನ್ನೆಯ ಆಸುಪಾಸಿನಲ್ಲಿತ್ತು. ಹಾಗಾಗಿ ದೊಡ್ಡ ಹೂಡಿಕೆದಾರರು ಯೆನ್ ಸಾಲ ತಂದು, ಡಾಲರಿಗೆ ಬದಲಾಯಿಸಿ, ಬೇರೆ ದೇಶಗಳ ಷೇರು ಕೊಳ್ಳುತ್ತಿದ್ದರು. ಜುಲೈ 31ರಂದು ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನ್ ಬಡ್ಡಿಯನ್ನು ಶೇ 0.25ಕ್ಕೆ ಏರಿಸಿತು. ಯೆನ್ ಬಲವಾಯಿತು.

ಡಾಲರಿಗೆ 160 ಯೆನ್ ಇದ್ದಾಗ 1.6 ಕೋಟಿ ಯೆನ್ ಸಾಲ ತಂದವರಿಗೆ 1 ಲಕ್ಷ ಡಾಲರ್ ಸಿಕ್ಕಿತ್ತು ಎನ್ನಿ. ದರ 142ಕ್ಕೆ ಬಂದರೆ ಅದೇ ಸಾಲ ತೀರಿಸಲು 1,12,676 ಡಾಲರ್ ಬೇಕು. ಷೇರು ಒಂದು ಪೈಸೆ ಇಳಿಯದಿದ್ದರೂ 12 ಸಾವಿರ ಡಾಲರ್ ಮೀರಿದ ನಷ್ಟ. ಅವರು ಕೈಯಲ್ಲಿದ್ದುದನ್ನೆಲ್ಲ ಮಾರಿ ಸಾಲ ತೀರಿಸಲು ಓಡಿದರು. ಟೋಕಿಯೊದ ಷೇರು ಸೂಚ್ಯಂಕ ನಿಕೇಯಿ ಒಂದೇ ದಿನ ಶೇ 12.4 ಬಿದ್ದಿತು. ನಮ್ಮ ಕಂಪನಿಗಳ ವ್ಯಾಪಾರ ಕೆಟ್ಟು ಬಂದ ಇಳಿಕೆ ಇದಲ್ಲ.

ಈಗ ನಿಮ್ಮದೇ ಲೆಕ್ಕ. ನಿವೃತ್ತ ಬ್ಯಾಂಕ್ ನೌಕರರೊಬ್ಬರ ಬಳಿ 6 ಲಕ್ಷ ರೂಪಾಯಿ ಷೇರು ಫಂಡಿನಲ್ಲಿ, 4 ಲಕ್ಷ ಠೇವಣಿಯಲ್ಲಿ ಇದೆ ಎಂದುಕೊಳ್ಳೋಣ. ಷೇರಿನ ಪಾಲು ಶೇ 60. ಅದು ಐದು ಅಂಕ ಅತ್ತಿತ್ತ ಸರಿದರೆ ಮಾತ್ರ ಸರಿದೂಗಿಸಬೇಕು ಎಂಬುದು ಅವರು ಹಾಕಿಕೊಂಡ ನಿಯಮ. ಫಂಡು ಶೇ 3 ಇಳಿದರೆ ಉಳಿಯುವುದು 5.82 ಲಕ್ಷ, ಪಾಲು ಶೇ 59.3. ಏನೂ ಮಾಡಬೇಕಿಲ್ಲ. ಪಾಲು ಶೇ 55ಕ್ಕೆ ಬರಲು ಫಂಡು ಶೇ 18ಕ್ಕೂ ಹೆಚ್ಚು ಬೀಳಬೇಕು. ಆಗಲೂ ಈ ನಿಯಮ ಹೇಳುವುದು ಠೇವಣಿಯಿಂದ ಸ್ವಲ್ಪ ತೆಗೆದು ಷೇರು ಕೊಳ್ಳಿ ಎಂದು. ಮನಸ್ಸು ಒಪ್ಪದಿದ್ದರೆ ಶೇ 60 ನಿಮಗೆ ಹೆಚ್ಚಾಯಿತು ಎಂದರ್ಥ. ಪೇಟೆ ಚೇತರಿಸಿಕೊಂಡ ಮೇಲೆ ಪಾಲು ಇಳಿಸಿ.

ಮಗಳ ಕಾಲೇಜು ಶುಲ್ಕದಂತೆ ಎರಡು ಮೂರು ವರ್ಷದೊಳಗೆ ಬೇಕಾಗುವ ಹಣಕ್ಕೆ ಈ ಮಾತು ಸಲ್ಲದು. ಅದು ಷೇರಿನಲ್ಲಿ ಇರಲೇಬಾರದು, ಪೇಟೆ ಏರಿದರೂ ಇಳಿದರೂ. ಷೇರು ಅಡವಿಟ್ಟು ಸಾಲ ಪಡೆದವರದೂ ಬೇರೆ ಕಥೆ: ಬೆಲೆ ಇಳಿದಾಗ ಹೆಚ್ಚುವರಿ ಹಣ ಕಟ್ಟದಿದ್ದರೆ ಸಾಲ ಕೊಟ್ಟವರೇ ಮಾರುತ್ತಾರೆ. ಅಂಥವರು ಮೊದಲು ಸಾಲ ತಗ್ಗಿಸಲಿ.

ಮಾರಲೇಬೇಕಾದರೆ ತೆರಿಗೆ ನೋಡಿ. ಜುಲೈ 23ರ ಬಜೆಟ್ಟಿನ ಬಳಿಕ, ವರ್ಷ ಮೀರಿದ ಷೇರು ಫಂಡಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಶೇ 12.5 ತೆರಿಗೆ, ವರ್ಷದೊಳಗೆ ಮಾರಿದರೆ ಶೇ 20. ಇನ್ನೊಂದು ಮಾತು: ಬೆಳಿಗ್ಗೆ ಹತ್ತು ಗಂಟೆಗೆ ಗಾಬರಿಯಿಂದ ಫಂಡು ಮಾರಲು ಕೊಟ್ಟರೂ ಸಿಗುವುದು ಅಂದಿನ ಪೇಟೆ ಮುಗಿದ ಮೇಲಿನ ದರವೇ. ಮಧ್ಯಾಹ್ನ ಮೂರರವರೆಗೂ ಯೋಚಿಸಲು ಸಮಯವಿದೆ.