ತಂದೆಯವರ ಪಿಂಚಣಿ ಖಾತೆಗೆ ನಾನು ಪಾಲಕನಾದದ್ದು

ನಿವೃತ್ತಿಯಾದ ಕೆಲವು ವರ್ಷಗಳಲ್ಲೇ ನಮ್ಮ ತಂದೆಯವರು ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರವಾದ ಜಿಪಿಎಯನ್ನು ನನ್ನ ಹೆಸರಿಗೆ ಬರೆದು ನೋಂದಣಿ ಮಾಡಿಸಿದ್ದರು. ಮರೆವಿನ ಕಾಯಿಲೆ ಬಲಿತು ಅವರ ಸಹಿ ಹೊಂದದೆ ಚೆಕ್ಕುಗಳು ಹಿಂದಿರುಗತೊಡಗಿದಾಗ, ಆ ಪತ್ರವನ್ನೂ ನರರೋಗ ತಜ್ಞರ ಪ್ರಮಾಣಪತ್ರವನ್ನೂ ಒಟ್ಟಿಗೆ ಬ್ಯಾಂಕಿಗೆ ಒಯ್ದೆ. ಒಂದು ಇನ್ನೊಂದಕ್ಕೆ ಬಲ ಕೊಡುತ್ತದೆ ಎಂದು ನಾನು ಎಣಿಸಿದ್ದೆ, ಆದದ್ದು ತದ್ವಿರುದ್ಧ. 1872ರ ಭಾರತೀಯ ಒಪ್ಪಂದ ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರು ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡಾಗ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಪತ್ರ ನೋಂದಣಿಯಾಗಿದ್ದರೂ ಇದು ಬದಲಾಗುವುದಿಲ್ಲ. ಕಾಯಿಲೆಯ ವಿಷಯ ಹೇಳದೆ ಜಿಪಿಎಯನ್ನೇ ಬಳಸುತ್ತಿರಿ ಎಂದು ಹಿತೈಷಿಗಳು ಸೂಚಿಸಿದರು. ಹಾಗೆ ತೆಗೆದ ಪ್ರತಿಯೊಂದು ರೂಪಾಯಿಯನ್ನೂ ಮುಂದೆ ಯಾರಾದರೂ ಪ್ರಶ್ನಿಸಬಹುದು ಎಂಬುದು ಒಂದು ಕಾರಣವಾದರೆ, ಅದು ತಂದೆಯವರ ಹಣ ಎಂಬುದು ಇನ್ನೂ ದೊಡ್ಡ ಕಾರಣವಾಗಿತ್ತು, ನಾನು ಒಪ್ಪಲಿಲ್ಲ.

ಹೆಬ್ಬೆಟ್ಟಿನ ದಾರಿಯನ್ನೂ ವಿಚಾರಿಸಿದೆ. ಕಾಯಿಲೆಯಿಂದ ಸಹಿ ಮಾಡಲಾಗದ ಖಾತೆದಾರರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಎದುರು ಪಡೆದು ಹಣ ಕೊಡಲು ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಆದರೆ ಅದು ಕೈ ಸೋತವರಿಗೆ ಇರುವ ಅನುಕೂಲವೇ ಹೊರತು, ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆ ಎಂಬುದೇ ತಿಳಿಯದವರಿಗಲ್ಲ. ಮ್ಯಾನೇಜರ್ ನಿರಾಕರಿಸಿದ್ದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ. ತಾಯಿ ಬದುಕಿದ್ದು, ಇಬ್ಬರಲ್ಲಿ ಯಾರಾದರೂ ನಿರ್ವಹಿಸಬಹುದಾದ ಜಂಟಿ ಖಾತೆಗೆ ಪಿಂಚಣಿ ಬರುತ್ತಿದ್ದರೆ ಇಷ್ಟೆಲ್ಲ ಅಲೆದಾಟ ಬಹುಶಃ ಬೇಕಾಗುತ್ತಿರಲಿಲ್ಲ.

ಉಳಿದದ್ದು ಪಾಲಕತ್ವ. 1890ರ ಪಾಲಕರ ಕಾಯ್ದೆ ಅಪ್ರಾಪ್ತರಿಗೆ ಸಂಬಂಧಿಸಿದ್ದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಸಮಿತಿಗಳು ಪಾಲಕರನ್ನು ನೇಮಿಸುತ್ತವೆಯಾದರೂ, ಅದರ ಪಟ್ಟಿಯಲ್ಲಿ ತಂದೆಯವರ ಮರೆವಿನ ಕಾಯಿಲೆಯಾದ ಡಿಮೆನ್ಶಿಯಾ ಇಲ್ಲ. ಮಾನಸಿಕ ರೋಗಿಯ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ನೇಮಿಸುವ ಅವಕಾಶ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿತ್ತು. ಅದರ ಬದಲಿಗೆ ಬಂದ 2017ರ ಕಾಯ್ದೆಯಲ್ಲಿ ಅದು ಉಳಿದಿಲ್ಲ. ಹೀಗಾಗಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿದೆವು. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಕೊಟ್ಟ ಮಾರ್ಗಸೂಚಿಯನ್ನೇ ನಮ್ಮ ವಕೀಲರು ಮಾದರಿಯಾಗಿ ಮುಂದಿಟ್ಟರು. ಅಕ್ಕನೂ ತಮ್ಮನೂ ಒಪ್ಪಿಗೆಯ ಪ್ರಮಾಣಪತ್ರ ಸಲ್ಲಿಸಿದರು, ವೈದ್ಯಕೀಯ ಮಂಡಳಿ ತಂದೆಯವರನ್ನು ಪರೀಕ್ಷಿಸಿತು, ಆಸ್ತಿ ಮತ್ತು ವಾರಸುದಾರರ ಬಗ್ಗೆ ತಹಶೀಲ್ದಾರರಿಂದ ವರದಿ ಬಂತು. ಇದಕ್ಕೆಲ್ಲ ಏಳು ತಿಂಗಳು ಹಿಡಿಯಿತು.

ಕೈಗೆ ಬಂದ ಆದೇಶದಲ್ಲಿ ನನ್ನನ್ನು ತಂದೆಯವರ ಪಾಲಕನನ್ನಾಗಿ ನೇಮಿಸಲಾಗಿದೆ ಎಂದಷ್ಟೇ ಇತ್ತು. ನಾವು ಅರ್ಜಿಯಲ್ಲಿ ಕೇಳಿದ್ದೇ ಅಷ್ಟು, ತಪ್ಪು ನಮ್ಮದು. ಯಾವ ಖಾತೆ, ಠೇವಣಿ ಮುರಿಯಬಹುದೇ, ಬಾಕಿ ಪಿಂಚಣಿ ಯಾರು ಪಡೆಯಬೇಕು ಎಂದು ಬ್ಯಾಂಕಿನ ಕಾನೂನು ವಿಭಾಗ ಕೇಳಿದಾಗ ಆದೇಶದಲ್ಲಿ ಉತ್ತರವಿರಲಿಲ್ಲ. ಸ್ಪಷ್ಟೀಕರಣ ಕೋರಿ ಮತ್ತೆ ಅರ್ಜಿ ಹಾಕಿ ಇನ್ನೆರಡು ತಿಂಗಳು ಕಾದೆವು. ಆ ಅವಧಿಯ ಖರ್ಚನ್ನೆಲ್ಲ ನಾವು ಮೂವರೂ ಹಂಚಿಕೊಂಡೆವು. ಎರಡನೆಯ ಆದೇಶದಲ್ಲಿ ಶಾಖೆಯ ಹೆಸರು ಮತ್ತು ಖಾತೆ ಸಂಖ್ಯೆ, ಠೇವಣಿಗಳ ವಿವರ, ಬಾಕಿ ಪಡೆಯುವ ಅಧಿಕಾರ, ತೆರಿಗೆ ವಿವರಣೆಗೆ ಸಹಿ ಮಾಡುವ ಅಧಿಕಾರ ಎಲ್ಲವೂ ಬಂದವು. ಮನೆಯನ್ನು ಮಾರಲು ಪ್ರತ್ಯೇಕ ಅನುಮತಿ ಬೇಕೆಂಬ ಷರತ್ತೂ ಇತ್ತು. ಅರ್ಜಿಯ ಕರಡು ಸಿದ್ಧವಾಗುವಾಗಲೇ ಬ್ಯಾಂಕಿಗೆ ಹೋಗಿ, ಆದೇಶದಲ್ಲಿ ಏನೇನು ಇರಬೇಕೆಂದು ಕೇಳಿ ಬರೆದುಕೊಂಡಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು.

ಬ್ಯಾಂಕು ನನ್ನನ್ನು ಜಂಟಿ ಖಾತೆದಾರನನ್ನಾಗಿ ಸೇರಿಸಲಿಲ್ಲ. ಖಾತೆ ತಂದೆಯವರ ಹೆಸರಿನಲ್ಲೇ ಉಳಿದು, ಪಾಲಕನೆಂದು ನನ್ನ ಸಹಿ ದಾಖಲಾಯಿತು. ಹಣ ಅವರದು, ಕೈ ಮಾತ್ರ ನನ್ನದು ಎಂಬುದು ಇದರಿಂದ ದಾಖಲೆಯಲ್ಲೇ ಸ್ಪಷ್ಟವಾಗುತ್ತದೆ. ಹಳೆಯ ಎಟಿಎಂ ಕಾರ್ಡನ್ನು ಅಂದೇ ರದ್ದುಪಡಿಸಿದೆ.

ಜೀವಿತ ಪ್ರಮಾಣಪತ್ರದಿಂದ ಮಾತ್ರ ಪಾಲಕತ್ವ ವಿನಾಯಿತಿ ಕೊಡುವುದಿಲ್ಲ. ಅದು ಪಿಂಚಣಿದಾರರು ಬದುಕಿದ್ದಾರೆಂಬುದಕ್ಕೆ ಪುರಾವೆಯಾದ್ದರಿಂದ ಅವರೇ ಕಾಣಿಸಿಕೊಳ್ಳಬೇಕು. ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮೊಬೈಲಿನಲ್ಲೇ ಮುಖ ಗುರುತಿಸಿ ಇದನ್ನು ಸಲ್ಲಿಸಬಹುದು. ಆದರೆ ಕಣ್ಣು ಮಿಟುಕಿಸಿ ಎಂದು ಅದು ಕೇಳುವಾಗ ತಂದೆಯವರಿಗೆ ಆ ಮಾತು ಅರ್ಥವಾಗುತ್ತಿರಲಿಲ್ಲ. ಸಂಜೆಯ ಹೊತ್ತು ಅವರ ಗಲಿಬಿಲಿ ಹೆಚ್ಚುತ್ತಿದ್ದುದರಿಂದ ಬೆಳಿಗ್ಗೆ ಸ್ನಾನವಾದ ಮೇಲೆ ಕಿಟಕಿಯ ಬೆಳಕಿಗೆ ಕೂರಿಸಿ, ತಾನಾಗಿ ರೆಪ್ಪೆ ಬಡಿಯುವವರೆಗೂ ಫೋನನ್ನು ಅಲ್ಲಾಡಿಸದೆ ಹಿಡಿದೆ. ನಾಲ್ಕನೆಯ ಪ್ರಯತ್ನಕ್ಕೆ ಅದು ಸ್ವೀಕಾರವಾಯಿತು. ಆಗದಿದ್ದರೆ ಮನೆಗೇ ಬರುವುದಾಗಿ ಬ್ಯಾಂಕಿನ ಅಧಿಕಾರಿ ಹೇಳಿದ್ದರು.

ಆರು ತಿಂಗಳಿಗೊಮ್ಮೆ ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಬೇಕು. ಆದ್ದರಿಂದ ಔಷಧಿ ಅಂಗಡಿಗೂ ಆಸ್ಪತ್ರೆಗೂ ಖಾತೆಯಿಂದ ನೇರವಾಗಿ ಪಾವತಿಸುತ್ತೇನೆ, ನೋಡಿಕೊಳ್ಳುವ ಆಯಾ ಅವರ ಸಂಬಳಕ್ಕೆ ಪ್ರತಿ ತಿಂಗಳೂ ದಿನಾಂಕ ಸಹಿತ ಸಹಿ ಪಡೆಯುತ್ತೇನೆ. ನನ್ನ ಕೈಯಿಂದ ಹಾಕಿದ ಹಣವನ್ನು ರಸೀದಿಯಿಲ್ಲದೆ ಹಿಂದಕ್ಕೆ ಪಡೆಯುವುದಿಲ್ಲ. ಪ್ರತಿ ವರದಿಯ ಪ್ರತಿಯೂ ನ್ಯಾಯಾಲಯಕ್ಕಿಂತ ಮೊದಲು ಅಕ್ಕನಿಗೂ ತಮ್ಮನಿಗೂ ಹೋಗುತ್ತದೆ.