ಅಮೆರಿಕದ ಕಚೇರಿಯಲ್ಲಿ ಇನ್ಸುಲಿನ್‌ಗಾಗಿ ಬಿಡುವು ಕೇಳುವ ಪತ್ರ

ಕೆಲಸದ ನಡುವೆ ಊಟದ ಬಿಡುವು ಕೊಡಲೇಬೇಕೆಂದು ಅಮೆರಿಕದ ಕೇಂದ್ರ ಕಾನೂನು ವಯಸ್ಕ ನೌಕರರ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಕೆಲವು ರಾಜ್ಯಗಳಲ್ಲಿ ಮಾತ್ರ ಅಂಥ ನಿಯಮವಿದೆ. ಹಾಗಾಗಿ ಕಾರಣ ಹೇಳದೆ ಬಿಡುವು ಕೇಳಿದರೆ, ಕೊಡುವುದು ಬಿಡುವುದು ಮ್ಯಾನೇಜರ್ ಇಷ್ಟವಾಗಿಬಿಡುತ್ತದೆ. ನೀವು ನೆಚ್ಚಿಕೊಳ್ಳಬೇಕಾದದ್ದು 1990ರ ಅಂಗವಿಕಲರ ಕಾಯ್ದೆ, ಅಂದರೆ ಎಡಿಎ. 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ. ನೀವು ವೀಸಾದ ಮೇಲಿದ್ದರೂ ಅದರ ರಕ್ಷಣೆ ಇದೆ. ಮಧುಮೇಹವನ್ನು ಅಂಗವೈಕಲ್ಯವೆಂದು ಕರೆಯಲು ನಮ್ಮಲ್ಲಿ ಅನೇಕರಿಗೆ ಮನಸ್ಸು ಒಪ್ಪುವುದಿಲ್ಲ. ಆದರೆ ಇಲ್ಲಿ ಅದು ಹಕ್ಕನ್ನು ತೆರೆಯುವ ಕಾನೂನಿನ ಪದ, ದಯವಿಟ್ಟು ಸಂಕೋಚಪಡಬೇಡಿ.

ಗ್ರಾಹಕರ ಕರೆಗಳನ್ನು ಸ್ವೀಕರಿಸುವ ಕೆಲಸದಲ್ಲಿರುವ ಒಬ್ಬರ ಪತ್ರ ಹೀಗಿರಬಹುದು:

"ನನಗೆ ಮಧುಮೇಹವಿದ್ದು, ಪ್ರತಿ ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಎಡಿಎ ಅಡಿಯಲ್ಲಿ ಈ ಅನುಕೂಲಗಳನ್ನು ಕೋರುತ್ತೇನೆ. ಊಟದ ಬಿಡುವು ಪ್ರತಿದಿನ 12:30ಕ್ಕೇ ಇರಲಿ. ರಕ್ತದ ಸಕ್ಕರೆ ಪರೀಕ್ಷಿಸಿ ಇನ್ಸುಲಿನ್ ಚುಚ್ಚಿಕೊಳ್ಳಲು 12:15ರಿಂದ ಕರೆಗಳು ಬಾರದಿರಲಿ. ಸಕ್ಕರೆ 70ಕ್ಕಿಂತ ಇಳಿದರೆ ತಕ್ಷಣ ಕೆಲಸ ನಿಲ್ಲಿಸಿ ಏನಾದರೂ ಸಿಹಿ ಸೇವಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಬಾಗಿಲು ಮುಚ್ಚಿಕೊಳ್ಳಬಹುದಾದ, ಶೌಚಾಲಯವಲ್ಲದ ಸ್ವಚ್ಛ ಕೋಣೆಯೊಂದು ಬೇಕು. ವೈದ್ಯರ ಪತ್ರ ಅಗತ್ಯವಿದ್ದರೆ ತಿಳಿಸಿ."

ಇದರಲ್ಲಿ ಮುಖ್ಯವಾದದ್ದು 12:30 ಎಂಬ ನಿಗದಿತ ಸಮಯ. ಬೇಗ ಕೆಲಸ ಮಾಡುವ ಇನ್ಸುಲಿನ್ ತೆಗೆದುಕೊಂಡ ಮೇಲೆ ಯಾವುದೋ ಸಭೆ ಎಳೆದು ಊಟ ತಡವಾದರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಗೊಂದಲ ಶುರುವಾಗುತ್ತವೆ, ಪ್ರಜ್ಞೆಯೂ ತಪ್ಪಬಹುದು. ಮ್ಯಾನೇಜರ್‌ಗೆ ಇದು ಗೊತ್ತಿರುವುದಿಲ್ಲ. ಅವರ ಕಣ್ಣಿಗೆ ಅದು ಹತ್ತು ನಿಮಿಷದ ವಿಳಂಬವಷ್ಟೇ. ಆದ್ದರಿಂದ ಕಾರಣವನ್ನೂ ಒಂದು ವಾಕ್ಯದಲ್ಲಿ ಸೇರಿಸಿ.

ಕೋಣೆಯ ವಿಷಯದಲ್ಲಿ ಸ್ವಲ್ಪ ಹೊಂದಿಕೊಳ್ಳಬೇಕು. ನಿಮ್ಮ ಅಗತ್ಯ ನಿಜವಾಗಿ ಪೂರೈಸುವ ಪರ್ಯಾಯಗಳಲ್ಲಿ ಯಾವುದನ್ನು ಕೊಡಬೇಕೆಂದು ಸಂಸ್ಥೆಯೇ ಆರಿಸಬಹುದು. ಖಾಲಿ ಸಭಾಕೊಠಡಿ ಕೊಟ್ಟರೆ ಸಾಕು. ಆದರೆ ಆ ಹೊತ್ತಿಗೆ ಅದನ್ನು ಬೇರೆಯವರು ಕಾಯ್ದಿರಿಸದಂತೆ ನೋಡಿಕೊಳ್ಳಲು ಕೇಳಿ. ಬಳಸಿದ ಸೂಜಿ ಕಸದ ಬುಟ್ಟಿಗೆ ಹೋಗಬಾರದು, ಚುಚ್ಚದಂಥ ಗಟ್ಟಿ ಡಬ್ಬಿಯನ್ನು ಜೊತೆಗಿಟ್ಟುಕೊಳ್ಳಿ.

ಪತ್ರವನ್ನು ಇಮೇಲ್‌ನಲ್ಲೇ ಕಳುಹಿಸಿ, ಪ್ರತಿಯನ್ನು ಮಾನವ ಸಂಪನ್ಮೂಲ ವಿಭಾಗಕ್ಕೂ ಹಾಕಿ. ದಿನಾಂಕ ದಾಖಲೆಯಲ್ಲಿ ಉಳಿಯುತ್ತದೆ. ಕಾಯಿಲೆ ಮತ್ತು ಅದಕ್ಕೆ ಬೇಕಾದ ಅನುಕೂಲದ ಬಗ್ಗೆ ಅವರು ವೈದ್ಯರ ದೃಢೀಕರಣ ಕೇಳಬಹುದು. ಸಂಬಂಧವಿಲ್ಲದ ಹಳೆಯ ವೈದ್ಯಕೀಯ ಕಡತವನ್ನೆಲ್ಲ ಕೊಡಬೇಕಿಲ್ಲ. ಕೊಟ್ಟ ವಿವರವನ್ನು ಅವರು ನಿಮ್ಮ ಸಾಮಾನ್ಯ ನೌಕರಿ ಕಡತದಿಂದ ಬೇರೆಯಾಗಿ, ಗೋಪ್ಯವಾಗಿ ಇಡಬೇಕು.

ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಇಇಒಸಿ ಎಂಬ ಕೇಂದ್ರ ಆಯೋಗಕ್ಕೆ ದೂರು ಕೊಡಲು 180 ದಿನಗಳ ಗಡುವಿದೆ, ಅನೇಕ ರಾಜ್ಯಗಳಲ್ಲಿ ಅದು 300 ದಿನ. ಸಂಸ್ಥೆಯೊಳಗಿನ ಮಾತುಕತೆ ನಡೆಯುತ್ತಿದ್ದರೂ ಸಾಮಾನ್ಯವಾಗಿ ಆ ಎಣಿಕೆ ನಿಲ್ಲುವುದಿಲ್ಲ.